ಬಿಸಿ ಚಹಾಕ್ಕೆ ನೋವು, ತಣ್ಣೀರಿಗೆ ಸಮಾಧಾನ: ಒಂದು ರೂಟ್ ಕೆನಾಲ್ ಪ್ರಶ್ನೆ ಬಿಡಿಸುವ ಬಗೆ

ನಾನು ಡೆಂಟಲ್ ಕಾಲೇಜಿನಲ್ಲಿ ಎಂಡೋಡಾಂಟಿಕ್ಸ್ ಕಲಿಸುತ್ತೇನೆ. ಬೆಳಿಗ್ಗೆ ಕ್ಲಿನಿಕ್, ಸಂಜೆ ನೀಟ್ ಎಂಡಿಎಸ್‌ಗೆ ಓದುತ್ತಿರುವವರ ಜೊತೆ ಪ್ರಶ್ನೆ ಬಿಡಿಸುವ ಕೆಲಸ. ಪ್ರತಿ ಬ್ಯಾಚಿಗೂ ನಾನು ತಪ್ಪದೆ ಕೊಡುವ ಪ್ರಶ್ನೆ ಒಂದಿದೆ. ಅದು ಹೀಗಿದೆ.

34 ವರ್ಷದ ವ್ಯಕ್ತಿ. ಕೆಳಗಿನ ಬಲಗಡೆಯ ಮೊದಲ ದವಡೆ ಹಲ್ಲು, ಅಂದರೆ 46, ಆಳವಾಗಿ ಹುಳುಕಾಗಿದೆ. ರಾತ್ರಿ ನೋವಿಗೆ ಎಚ್ಚರವಾಗುತ್ತದೆ. ಬಿಸಿ ಚಹಾ ಕುಡಿದರೆ ನೋವು ಶುರುವಾಗಿ ಹಲವು ನಿಮಿಷ ಉಳಿಯುತ್ತದೆ, ತಣ್ಣೀರು ಮುಕ್ಕಳಿಸಿದರೆ ಕಡಿಮೆಯಾಗುತ್ತದೆ. ಕೋಲ್ಡ್ ಟೆಸ್ಟಿನಲ್ಲಿ ತಂಪು ಗೊತ್ತಾಗುತ್ತದೆ, ಆದರೆ ಎದುರು ಬದಿಯ ಹಲ್ಲಿಗಿಂತ ಮಂದವಾಗಿ. ತಟ್ಟಿದರೆ ನೋವು. ಊತವಿಲ್ಲ, ಕೀವಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಲಿಗಮೆಂಟ್ ಜಾಗ ಸ್ವಲ್ಪ ಅಗಲವಾಗಿದೆ. ಡಯಾಗ್ನೋಸಿಸ್ ಏನು? ಕೆನಾಲ್‌ಗಳನ್ನು ಯಾವುದರಿಂದ ತೊಳೆಯುತ್ತೀರಿ?

ಮೊದಲ ಭಾಗಕ್ಕೆ ಬರುವ ಉತ್ತರಗಳು ಮೂರು ದಿಕ್ಕಿಗೆ ಹೋಗುತ್ತವೆ. ತಂಪಿಗೆ ನೋವು ಉಳಿಯುತ್ತಿಲ್ಲವಲ್ಲ, ಹಾಗಾದರೆ ರಿವರ್ಸಿಬಲ್ ಪಲ್ಪೈಟಿಸ್ ಎಂದು ಕೆಲವರು. ಕೋಲ್ಡ್ ಟೆಸ್ಟ್ ಮಂದ, ಹಾಗಾದರೆ ನೆಕ್ರೋಸಿಸ್ ಎಂದು ಕೆಲವರು. ತಟ್ಟಿದರೆ ನೋವು ಎನ್ನುವುದನ್ನೇ ಹಿಡಿದು ಆಬ್ಸೆಸ್ ಎಂದು ಉಳಿದವರು. ಮೂವರೂ ಕಥೆಯ ಒಂದೊಂದು ಸಾಲನ್ನಷ್ಟೇ ಓದಿದ್ದಾರೆ.

ಪಲ್ಪ್ ಇರುವುದು ಸುತ್ತಲೂ ಗಟ್ಟಿ ಗೋಡೆಯ ಕೋಣೆಯಲ್ಲಿ. ಉರಿಯೂತ ಬಂದರೆ ಅದಕ್ಕೆ ಹಿಗ್ಗಲು ಜಾಗವಿಲ್ಲ, ಒಳಗಿನ ಒತ್ತಡ ಏರುತ್ತದೆ. ಬಿಸಿ ತಾಗಿದಾಗ ರಕ್ತನಾಳಗಳು ಹಿಗ್ಗಿ ಒತ್ತಡ ಇನ್ನೂ ಹೆಚ್ಚಾಗುತ್ತದೆ. ಪಲ್ಪಿನ ಆಳದಲ್ಲಿರುವ ಸಿ ನರತಂತುಗಳು ಕೆರಳುತ್ತವೆ. ಅವು ಕೊಡುವ ನೋವು ಮಂದ, ಹರಡುವಂಥದ್ದು, ಬೇಗ ಬಿಡದಂಥದ್ದು. ತಂಪು ನಾಳಗಳನ್ನು ಕುಗ್ಗಿಸಿ ಒತ್ತಡ ಇಳಿಸುತ್ತದೆ, ಅದಕ್ಕೇ ಸಮಾಧಾನ. ಹಲ್ಲುನೋವಿಗೆ ನೀರಿನ ಬಾಟಲಿ ಹಿಡಿದುಕೊಂಡೇ ಬಂದು ಕೂರುವ ರೋಗಿಗಳನ್ನು ಕ್ಲಿನಿಕ್‌ನಲ್ಲಿ ನೋಡುತ್ತೇವೆ. ಮಾತಿನ ನಡುವೆ ಒಂದೊಂದು ಗುಟುಕು ಬಾಯಲ್ಲಿ ಇಟ್ಟುಕೊಳ್ಳುತ್ತಿರುತ್ತಾರೆ. ಎಕ್ಸ್‌ರೇಗೆ ಮೊದಲೇ ಆ ಬಾಟಲಿ ಅರ್ಧ ಉತ್ತರ ಹೇಳಿರುತ್ತದೆ.

ಹಾಗಾಗಿ ಬಿಸಿಗೆ ಉಳಿಯುವ ನೋವು, ತಾನಾಗಿ ಬರುವ ರಾತ್ರಿಯ ನೋವು ಎರಡೂ ಸೇರಿದರೆ ಸಿಂಪ್ಟೊಮ್ಯಾಟಿಕ್ ಇರ್‌ರಿವರ್ಸಿಬಲ್ ಪಲ್ಪೈಟಿಸ್. ತಂಪು ಗೊತ್ತಾಗುತ್ತಿದೆ ಎಂದರೆ ಪಲ್ಪ್ ಪೂರ್ತಿ ಸತ್ತಿಲ್ಲ. ಮೂರ್ನಾಲ್ಕು ಕೆನಾಲ್ ಇರುವ ಹಲ್ಲಿನಲ್ಲಿ ಒಂದರ ಪಲ್ಪ್ ಸತ್ತು ಇನ್ನೊಂದರದ್ದು ಬದುಕಿರಬಹುದು, ಮಂದ ಉತ್ತರಕ್ಕೆ ಅದೂ ಕಾರಣವಾದೀತು. ಇಷ್ಟು ಪಲ್ಪಿನ ಮಾತು. ಬೇರಿನ ತುದಿಯದ್ದು ಬೇರೆಯದೇ ಹೆಸರು: ತಟ್ಟಿದರೆ ನೋವು, ಊತವಿಲ್ಲ, ಕೀವಿಲ್ಲ, ಆದ್ದರಿಂದ ಸಿಂಪ್ಟೊಮ್ಯಾಟಿಕ್ ಏಪಿಕಲ್ ಪೆರಿಯೊಡಾಂಟೈಟಿಸ್. ಈಗಿನ ವರ್ಗೀಕರಣದಲ್ಲಿ ಡಯಾಗ್ನೋಸಿಸ್ ಎಂದರೆ ಈ ಎರಡೂ ಸೇರಿ. ಒಂದನ್ನೇ ಬರೆದರೆ ಅರ್ಧ ಉತ್ತರ. ಆಯ್ಕೆಗಳಲ್ಲಿ ಆಂಟಿಬಯಾಟಿಕ್ ಇದ್ದರೆ ಅದನ್ನು ಬಿಡಿ. ಜ್ವರ, ಹರಡುವ ಊತ ಇಲ್ಲದ ಈ ಹಲ್ಲಿಗೆ ಬೇಕಾದದ್ದು ಉರಿಯುತ್ತಿರುವ ಪಲ್ಪನ್ನು ತೆಗೆಯುವುದು, ಮಾತ್ರೆಯಲ್ಲ.

ಮುಂದಿನ ಹಂತಗಳನ್ನು ಎಲ್ಲರೂ ಬಲ್ಲರು: ಅರಿವಳಿಕೆ, ರಬ್ಬರ್ ಡ್ಯಾಮ್, ಆಕ್ಸೆಸ್, 10ನೇ ನಂಬರಿನ ಫೈಲಿನಿಂದ ದಾರಿ, ಏಪೆಕ್ಸ್ ಲೊಕೇಟರ್‌ನಿಂದ ವರ್ಕಿಂಗ್ ಲೆಂತ್, ಶೇಪಿಂಗ್, ತುಂಬುವುದು. ಇಲ್ಲಿ ಒಂದೇ ಮಾತು ಸೇರಿಸುತ್ತೇನೆ. ಇಂಥ ಕೆಳದವಡೆ ಹಲ್ಲಿಗೆ ನರ್ವ್ ಬ್ಲಾಕ್ ಕೊಟ್ಟು ತುಟಿ ಜೋಮು ಹಿಡಿದರೂ ಹಲ್ಲು ಮರಗಟ್ಟದೆ ಇರುವುದು ಸಾಮಾನ್ಯ. ಡ್ರಿಲ್ ಇಡುವ ಮೊದಲು ಇನ್ನೊಮ್ಮೆ ಕೋಲ್ಡ್ ಟೆಸ್ಟ್ ಮಾಡಿ, ಇನ್ನೂ ತಂಪು ಗೊತ್ತಾದರೆ ಪಕ್ಕದಲ್ಲಿ ಆರ್ಟಿಕೇನ್ ಇನ್‌ಫಿಲ್ಟ್ರೇಷನ್ ಕೊಡಬೇಕು.

ನನಗೆ ಹೆಚ್ಚು ಹೊತ್ತು ನಿಲ್ಲಬೇಕು ಅನಿಸುವುದು ತೊಳೆಯುವ ದ್ರವದ ಪ್ರಶ್ನೆಯಲ್ಲಿ. ಹುಡುಗರು ಇದನ್ನು ಕೋಷ್ಟಕ ಮಾಡಿ ಬಾಯಿಪಾಠ ಮಾಡಿರುತ್ತಾರೆ, ಪ್ರಶ್ನೆ ಸ್ವಲ್ಪ ತಿರುಗಿದರೆ ಕೋಷ್ಟಕ ಕೈಕೊಡುತ್ತದೆ. ನಾನು ಎರಡೇ ವಿಷಯ ಕೇಳಿಕೊಳ್ಳಲು ಹೇಳುತ್ತೇನೆ. ಕೆನಾಲ್ ಒಳಗೆ ಕರಗಿಸಬೇಕಾದದ್ದು ಏನಿದೆ? ಇದಕ್ಕೂ ಮೊದಲು ಒಳಗೆ ಹಾಕಿದ ದ್ರವ ಯಾವುದು?

46ರ ಒಳಗೆ ಪಲ್ಪಿನ ಅಂಗಾಂಶವಿದೆ. ಫೈಲ್ ಮುಟ್ಟದ ಮೂಲೆಗಳಲ್ಲಿ, ಎರಡು ಕೆನಾಲ್‌ಗಳ ನಡುವಿನ ಸಂದಿಯಲ್ಲಿ ಅದು ಉಳಿಯುತ್ತದೆ. ಬಳಕೆಯಲ್ಲಿರುವ ದ್ರವಗಳಲ್ಲಿ ಅದನ್ನು ಕರಗಿಸುವುದು ಸೋಡಿಯಂ ಹೈಪೋಕ್ಲೋರೈಟ್. ಹಾಗಾಗಿ ಶೇಪಿಂಗ್ ಮುಗಿಯುವ ತನಕ ಅದೇ. ಪಕ್ಕದಲ್ಲಿ ತೂತಿರುವ ತೆಳು ಸೂಜಿ, ವರ್ಕಿಂಗ್ ಲೆಂತಿಗಿಂತ ಸುಮಾರು 2 ಮಿಲಿಮೀಟರ್ ಹಿಂದೆ, ಕೆನಾಲ್‌ನಲ್ಲಿ ಸಿಕ್ಕಿಕೊಳ್ಳದಂತೆ ಮೇಲೆ ಕೆಳಗೆ ಆಡಿಸುತ್ತಾ, ಬೆರಳಿನ ತುದಿಯ ಹಗುರ ಒತ್ತಡದಲ್ಲಿ. ಸೂಜಿ ಬಿಗಿಯಾದಾಗ ಒತ್ತಿದರೆ ದ್ರವ ತುದಿ ದಾಟಿ ಹೊರಗೆ ಹೋಗುತ್ತದೆ. ಆ ಕ್ಷಣಕ್ಕೇ ತೀವ್ರ ನೋವು, ನೋಡುತ್ತಿದ್ದಂತೆ ಊತ, ಕೆನಾಲ್‌ನಿಂದ ರಕ್ತ. ಪ್ರಶ್ನೆಯಲ್ಲಿ ಈ ಮೂರು ಒಟ್ಟಿಗೆ ಬಂದರೆ ಹೈಪೋಕ್ಲೋರೈಟ್ ಅವಘಡ ಎಂದೇ ತಿಳಿಯಿರಿ.

ಫೈಲ್ ಉಜ್ಜಿದಾಗ ಗೋಡೆಗೆ ಮೆತ್ತುವ ಸ್ಮಿಯರ್ ಲೇಯರಿನ ಖನಿಜ ಭಾಗವನ್ನು ಹೈಪೋಕ್ಲೋರೈಟ್ ತೆಗೆಯಲಾರದು. ಅದಕ್ಕೆ ಶೇಪಿಂಗ್ ಮುಗಿದ ಮೇಲೆ 17% ಇಡಿಟಿಎ, ಸುಮಾರು ಒಂದು ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಡೆಂಟಿನ್ ಸವೆಯುತ್ತದೆ. ಎರಡನ್ನೂ ಒಟ್ಟಿಗೆ ಬೆರೆಸಿ ಹಾಕಿದರೆ ಇಡಿಟಿಎ ಹೈಪೋಕ್ಲೋರೈಟಿನ ಕ್ಲೋರಿನ್ ಶಕ್ತಿಯನ್ನು ಕುಂದಿಸುತ್ತದೆ, ಅಂಗಾಂಶ ಕರಗುವುದು ನಿಲ್ಲುತ್ತದೆ. ಒಂದಾದ ಮೇಲೆ ಒಂದು ಎನ್ನುವುದು ಅದಕ್ಕೇ.

ಈಗ ಪ್ರಶ್ನೆಯನ್ನು ತಿರುಗಿಸುತ್ತೇನೆ. ಅದೇ 46, ಆದರೆ ಕೋಲ್ಡ್ ಟೆಸ್ಟಿಗೆ ಉತ್ತರವೇ ಇಲ್ಲ, ವಸಡಿನಲ್ಲಿ ಕೀವು ಒಸರುವ ಸಣ್ಣ ರಂಧ್ರ. ಪಲ್ಪ್ ನೆಕ್ರೋಸಿಸ್, ಕ್ರಾನಿಕ್ ಏಪಿಕಲ್ ಆಬ್ಸೆಸ್. ಇಲ್ಲಿ ಬ್ಯಾಕ್ಟೀರಿಯಾ ಹೆಚ್ಚು, ಹಾಗಾಗಿ ಮುಖ್ಯ ದ್ರವ 2% ಕ್ಲೋರ್‌ಹೆಕ್ಸಿಡಿನ್ ಎಂದು ಬಹಳ ಮಂದಿ ಬರೆಯುತ್ತಾರೆ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಡೆಂಟಿನ್‌ಗೆ ಅಂಟಿಕೊಂಡು ಹೆಚ್ಚು ಕಾಲ ಕೆಲಸ ಮಾಡುತ್ತದೆ, ನಿಜ. ಆದರೆ ಸತ್ತ ಅಂಗಾಂಶವನ್ನು ಒಂದಿಷ್ಟೂ ಕರಗಿಸುವುದಿಲ್ಲ, ಆ ಅಂಗಾಂಶವೇ ಬ್ಯಾಕ್ಟೀರಿಯಾಗೆ ಆಹಾರ. ಉತ್ತರ ಇಲ್ಲೂ ಹೈಪೋಕ್ಲೋರೈಟೇ. ರೋಗಿಗೆ ಹೈಪೋಕ್ಲೋರೈಟ್ ಅಲರ್ಜಿ ಎಂದು ಪ್ರಶ್ನೆಯಲ್ಲೇ ಇದ್ದರೆ ಮಾತು ಬೇರೆ.

ಕೊನೆಯಲ್ಲಿ ಕ್ಲೋರ್‌ಹೆಕ್ಸಿಡಿನ್ ಹಾಕಿದರೇನು ಎಂದು ಕೇಳಿದವರಿಗೆ ಗಾಜಿನ ಸ್ಲೈಡ್ ಮೇಲೆ ಅದರ ಒಂದು ಹನಿಗೆ ಹೈಪೋಕ್ಲೋರೈಟಿನ ಒಂದು ಹನಿ ಬೆರೆಸಿ ತೋರಿಸುತ್ತೇನೆ. ಎರಡೂ ತಿಳಿ ದ್ರವ, ತಾಗಿದೊಡನೆ ಕಿತ್ತಳೆ ಮಿಶ್ರಿತ ಕಂದು ಬಣ್ಣದ ಗಸಿ ಕಟ್ಟುತ್ತದೆ. ಕೆನಾಲ್‌ನಲ್ಲಿ ಹೀಗಾದರೆ ಹಲ್ಲಿಗೆ ಕಲೆ, ಡೆಂಟಿನ್ ನಾಳಗಳಿಗೆ ತಡೆ. ಹಾಕಲೇಬೇಕಿದ್ದರೆ ನಡುವೆ ಸ್ಟೆರೈಲ್ ನೀರಿನಿಂದ ಚೆನ್ನಾಗಿ ತೊಳೆದು ಪೇಪರ್ ಪಾಯಿಂಟ್‌ನಿಂದ ಒಣಗಿಸಬೇಕು.

ಇನ್ನೊಂದು ತಿರುವು. ಒಂಬತ್ತು ವರ್ಷದ ಹುಡುಗ, ಬಿದ್ದು ಮುರಿದ ಮೇಲಿನ ಮುಂದಿನ ಹಲ್ಲು, ಪಲ್ಪ್ ಸತ್ತಿದೆ, ಬೇರಿನ ತುದಿ ತೆರೆದೇ ಇದೆ, ರೀಜನರೇಟಿವ್ ಚಿಕಿತ್ಸೆ ಯೋಜಿಸಿದ್ದಾರೆ. ಕರಗಿಸಬೇಕಾದದ್ದು ಇಲ್ಲೂ ಇದೆ, ಆದರೆ ತುದಿಯಾಚೆ ಉಳಿಸಿಕೊಳ್ಳಬೇಕಾದ ಸ್ಟೆಮ್ ಕೋಶಗಳೂ ಇವೆ. ಹಾಗಾಗಿ ಮೊದಲ ಭೇಟಿಯಲ್ಲಿ ಹೈಪೋಕ್ಲೋರೈಟ್ 1.5%ಗೆ ಇಳಿಯುತ್ತದೆ, 20 ಮಿಲಿಲೀಟರ್, 5 ನಿಮಿಷ, ನಿಧಾನವಾಗಿ. ಆ ಕೋಶಗಳಿಗೆ ವಿಷವಾದ್ದರಿಂದ ಕ್ಲೋರ್‌ಹೆಕ್ಸಿಡಿನ್ ಬೇಡ. ಎರಡನೇ ಭೇಟಿಯಲ್ಲಿ ತುದಿಯಾಚೆಯಿಂದ ಕೆನಾಲ್ ಒಳಗೆ ರಕ್ತ ಬರಿಸುವ ಮೊದಲಿನ ದ್ರವ ಯಾವುದು ಎಂದು ಕೇಳಿದರೆ 17% ಇಡಿಟಿಎ. ಅದು ಡೆಂಟಿನ್ ಒಳಗೆ ಹುದುಗಿರುವ ಬೆಳವಣಿಗೆಯ ಅಂಶಗಳನ್ನು ಹೊರಬಿಡುತ್ತದೆ, ಸ್ಟೆಮ್ ಕೋಶಗಳು ಆ ಗೋಡೆಗೆ ಅಂಟಿ ಬೆಳೆಯಲು ಅವು ನೆರವಾಗುತ್ತವೆ.