ಅರ್ಧ ವಾಸಿಯಾದ ಕೈಗೆ ಪೂರ್ತಿ ಪಾಳಿ: ಹೊಸೂರಿನಿಂದ ಒಂದು ಬರಹ

ಅತ್ತಿಬೆಲೆ ದಾಟಿ ಜೂಜುವಾಡಿಯ ಗಡಿ ಕಳೆದರೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶ. ರಾಜ್ಯ ಬದಲಾದರೂ ಇಲ್ಲಿನ ಕಾರ್ಖಾನೆಗಳ ಊಟದ ಮನೆಯಲ್ಲಿ ಕಿವಿಗೆ ಬೀಳುವ ಮಾತು ತಮಿಳಿನಷ್ಟೇ ಕನ್ನಡ ಮತ್ತು ತೆಲುಗು, ಏಕೆಂದರೆ ತಳಿ, ದೇಂಕಣಿಕೋಟೆ, ಬಾಗಲೂರು ಕಡೆಯ ಹಳ್ಳಿಗಳಿಂದ ಬರುವ ಕಾರ್ಮಿಕರಲ್ಲಿ ಕನ್ನಡದವರು ಬಹಳ ಮಂದಿ. ತುಮಕೂರಿನಿಂದ ಬಂದು ಇಲ್ಲಿ ನೆಲೆಸಿರುವ ನಾನು ಆಕ್ಯುಪೇಷನಲ್ ಥೆರಪಿಸ್ಟ್. ಪೆಟ್ಟಾದ ಕೈಯನ್ನು ಮತ್ತೆ ಕೆಲಸಕ್ಕೆ ಹದಗೊಳಿಸುವುದು, ಕೈಯಿಂದ ಆಗದಿದ್ದ ಕಡೆ ಕೆಲಸವನ್ನೇ ಕೈಗೆ ತಕ್ಕಂತೆ ತಿದ್ದುವುದು ನನ್ನ ಉದ್ಯೋಗ. ಊರಿನವರು ಕೇಳುವಾಗೆಲ್ಲ ಇದನ್ನು ವಿವರಿಸುವುದು ಕಷ್ಟವಾಗುವುದರಿಂದ, ಒಬ್ಬ ಪ್ರೆಸ್ ಆಪರೇಟರನ ಪ್ರಕರಣವನ್ನೇ ಹಿಡಿದು ಬರೆಯುತ್ತಿದ್ದೇನೆ.

ತಳಿ ಕಡೆಯ ಆ ಕಾರ್ಮಿಕರು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದರು. ಲೋಹವನ್ನು ಒತ್ತಿ ಆಕಾರ ಕೊಡುವ ಅಚ್ಚಿನ, ಅಂದರೆ ಡೈ ನಡುವೆ ಬಲಗೈ ಸಿಕ್ಕಿ ತೋರುಬೆರಳಿನ ತುದಿಯ ಗೆಣ್ಣು ಹೋಯಿತು, ನಡುಬೆರಳನ್ನು ಮಡಿಸುವ ಸ್ನಾಯುರಜ್ಜು ತುಂಡಾಯಿತು. ಶಸ್ತ್ರಚಿಕಿತ್ಸಕರು ರಜ್ಜುವನ್ನು ಹೊಲಿದು ಜೋಡಿಸಿದರು. ಹೊಲಿದ ರಜ್ಜು ಮೊದಲ ಕೆಲವು ವಾರ ಬಹಳ ದುರ್ಬಲ. ಆದ್ದರಿಂದ ಸುಮಾರು 6 ವಾರ ಕೈ ಹಿಂಭಾಗಕ್ಕೆ ಸ್ಪ್ಲಿಂಟ್ ಕಟ್ಟಿ, ಅದರೊಳಗೇ ಬೆರಳನ್ನು ಮಿತವಾಗಿ ಆಡಿಸುತ್ತಾ ಬರಬೇಕು, ಭಾರ ಎತ್ತುವುದನ್ನು 12 ವಾರದವರೆಗೆ ದೂರವಿಡಬೇಕು. ಅವರು ಅದನ್ನು ನಿಷ್ಠೆಯಿಂದ ಪಾಲಿಸಿದರು. 12 ವಾರ ಕಳೆದಾಗ ಹಿಡಿತದ ಬಲ ಅಳೆಯುವ ಡೈನಮೋಮೀಟರಿನಲ್ಲಿ ಎಡಗೈ ಹಿಡಿತ 36 ಕೆ.ಜಿ. ತೋರಿಸಿದರೆ ಬಲಗೈ 14 ಕೆ.ಜಿ. ತೋರಿಸಿತು. ನಡುಬೆರಳನ್ನು ಎಷ್ಟು ಮಡಿಸಿದರೂ ಅದರ ತುದಿಗೂ ಅಂಗೈಗೂ ನಡುವೆ ಒಂದೂವರೆ ಸೆಂಟಿಮೀಟರ್ ಅಂತರ ಉಳಿಯುತ್ತಿತ್ತು. ಅಂದರೆ ಕೈ ಮನೆಯಲ್ಲಿ ಕೂರುವ ಸ್ಥಿತಿಯಲ್ಲೂ ಇರಲಿಲ್ಲ, ಪ್ರೆಸ್ ಮುಂದೆ ನಿಲ್ಲುವ ಸ್ಥಿತಿಯಲ್ಲೂ ಇರಲಿಲ್ಲ.

ತೊಡಕು ಇರುವುದು ಇಲ್ಲಿಯೇ. ಕೆಲಸದಲ್ಲಿ ಗಾಯಗೊಂಡು ರಜೆಯಲ್ಲಿರುವ ಕಾರ್ಮಿಕನಿಗೆ ಕಾರ್ಮಿಕರ ರಾಜ್ಯ ವಿಮೆಯಾದ ಇ.ಎಸ್.ಐ. ಸರಾಸರಿ ದಿನಗೂಲಿಯ ಶೇ. 90ರಷ್ಟನ್ನು ತಾತ್ಕಾಲಿಕ ಅಂಗವೈಕಲ್ಯದ ಸೌಲಭ್ಯವಾಗಿ ಕೊಡುತ್ತದೆ. ದಿನಕ್ಕೆ 600 ರೂಪಾಯಿ ಬರುತ್ತಿದ್ದವನಿಗೆ 540. ಆದರೆ ಕೆಲಸ ಮಾಡಿ ಕೂಲಿ ಪಡೆದ ದಿನಕ್ಕೆ ಈ ಸೌಲಭ್ಯ ಇಲ್ಲ. ಅರ್ಧ ದಿನ ದುಡಿದು ಅರ್ಧ ಸೌಲಭ್ಯ ಪಡೆಯುವ ದಾರಿಯೇ ಅಲ್ಲಿಲ್ಲ. ವೈದ್ಯರ ಅಂತಿಮ ಪ್ರಮಾಣಪತ್ರ ಬಂದರೆ ಮನುಷ್ಯ ಕೆಲಸಕ್ಕೆ ಯೋಗ್ಯ, ಬರದಿದ್ದರೆ ಅಯೋಗ್ಯ. ಬ್ರಿಟನ್ನಿನಲ್ಲಿ 2010ರಿಂದ ವೈದ್ಯರು ಕೊಡುವ ಚೀಟಿಯಲ್ಲಿ ‘ಕೆಲವು ಬದಲಾವಣೆಗಳೊಂದಿಗೆ ಕೆಲಸ ಮಾಡಬಹುದು’ ಎಂಬ ಆಯ್ಕೆಯೂ ಇದೆ. ಹಂತಹಂತವಾಗಿ ಮರಳುವುದು, ವೇಳೆ ಬದಲಿಸುವುದು, ಕೆಲಸ ಬದಲಿಸುವುದು, ಜಾಗವನ್ನು ಹೊಂದಿಸುವುದು ಎಂಬ ನಾಲ್ಕರಲ್ಲಿ ಬೇಕಾದುದಕ್ಕೆ ವೈದ್ಯರು ಗುರುತು ಹಾಕುತ್ತಾರೆ. ನಮ್ಮ ಪುಸ್ತಕಗಳಲ್ಲಿ ಇರುವ ‘ಮೊದಲ ವಾರ ನಾಲ್ಕು ಗಂಟೆ, ಆಮೇಲೆ ಆರು ಗಂಟೆ’ ಎಂಬ ಮಾದರಿ ಅಂಥ ವ್ಯವಸ್ಥೆಗಳಿಗಾಗಿ ಬರೆದದ್ದು. ಅದನ್ನು ಹಾಗೆಯೇ ತಂದು ಸಿಪ್ಕಾಟಿನಲ್ಲಿ ಹಾಕಿದರೆ ಉಳಿದ ನಾಲ್ಕು ಗಂಟೆಯ ಕೂಲಿಯನ್ನು ಯಾರೂ ಕೊಡುವುದಿಲ್ಲ.

ಹೀಗಾಗಿ ನಾನು ಇಲ್ಲಿ ಪಾಳಿಯ ಗಂಟೆಗಳನ್ನು ಕಡಿಮೆ ಮಾಡಿಸುವ ಗೋಜಿಗೆ ಹೋಗುವುದು ಅಪರೂಪ. ಎಂಟು ಗಂಟೆಯ ಪಾಳಿ ಪೂರ್ತಿ ಇರಲಿ, ಆದರೆ ಅದರೊಳಗೆ ಗಾಯದ ಕೈ ದುಡಿಯುವ ಹೊತ್ತನ್ನು ಅಳೆದು ಏರಿಸೋಣ ಎಂದು ಕೇಳುತ್ತೇನೆ. ಈ ಪ್ರಕರಣದಲ್ಲಿ ಮೊದಲ ಎರಡು ವಾರ ಬಲಗೈಗೆ ದಿನಕ್ಕೆ ಎರಡೇ ಗಂಟೆ ಕೆಲಸ, ಅದೂ ಅರ್ಧ ಗಂಟೆಯ ನಾಲ್ಕು ತುಂಡುಗಳಾಗಿ, ಒಂದು ಕೆ.ಜಿ.ಗಿಂತ ಹೆಚ್ಚಿನ ವಸ್ತು ಇಲ್ಲದಂತೆ. ಉಳಿದ ಹೊತ್ತು ಹೊಸ ಆಪರೇಟರುಗಳಿಗೆ ಡೈ ಜೋಡಿಸುವುದನ್ನು ಬಾಯಲ್ಲಿ ಹೇಳಿ ಕಲಿಸುವುದು, ಯಂತ್ರದ ದಿನದ ತಪಾಸಣಾ ಪಟ್ಟಿಯನ್ನು ತುಂಬುವುದು. ಮೂರು ಮತ್ತು ನಾಲ್ಕನೆಯ ವಾರ ಹೊತ್ತು ನಾಲ್ಕು ಗಂಟೆಗೆ ಏರಿತು, ಭಾರ ಅಷ್ಟೇ ಉಳಿಯಿತು. ಐದು ಮತ್ತು ಆರನೆಯ ವಾರ ಹೊತ್ತು ಹಾಗೆಯೇ ಉಳಿದು ಭಾರ ಮೂರು ಕೆ.ಜಿ.ಗೆ ಏರಬೇಕಿತ್ತು. ಹೊತ್ತು, ಭಾರ ಎರಡನ್ನೂ ಒಟ್ಟಿಗೆ ಏರಿಸಿದರೆ ಕೈ ಊದಿಕೊಂಡಾಗ ಯಾವುದರಿಂದ ಊದಿತು ಎಂದು ತಿಳಿಯುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ. ರಾತ್ರಿ ಪಾಳಿಯೂ ಓಟಿಯೂ ಯೋಜನೆ ಮುಗಿಯುವವರೆಗೆ ಇಲ್ಲ. ಈ ಕೊನೆಯ ಷರತ್ತಿಗೆ ಆಕ್ಷೇಪ ಬಂದದ್ದು ಕಂಪನಿಯಿಂದಲ್ಲ, ಕಾರ್ಮಿಕರಿಂದಲೇ. ಓಟಿ ಇಲ್ಲದೆ ಸಾಲದ ಕಂತು ಕಟ್ಟುವುದು ಹೇಗೆ ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದುದು ಇಷ್ಟೇ: ‘ಲೈಟ್ ಡ್ಯೂಟಿ, ಆರು ವಾರ’. ಇಂಥ ಚೀಟಿ ಸೂಪರ್‌ವೈಸರ್ ಕೈಗೆ ಹೋದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಗುರ ಎಂದರೆ ಅವರ ದೃಷ್ಟಿಯಲ್ಲಿ ಕೂತು ಮಾಡುವ ಕೆಲಸ, ಅಂದರೆ ತಪಾಸಣೆಯ ಮೇಜು. ಅಲ್ಲಿ ಎತ್ತುವ ಭಾರ ಇಲ್ಲ ನಿಜ. ಆದರೆ ವರ್ನಿಯರ್ ಕ್ಯಾಲಿಪರನ್ನು ಹೆಬ್ಬೆರಳಿನಿಂದ ತಳ್ಳುತ್ತಾ, ಬಿಡಿಭಾಗವನ್ನು ತೋರುಬೆರಳು ಹೆಬ್ಬೆರಳುಗಳ ಚಿಟಿಕೆಯಲ್ಲಿ ಹಿಡಿದು ದಿನಕ್ಕೆ ನೂರಾರು ಬಾರಿ ತಿರುಗಿಸಬೇಕು. ತೋರುಬೆರಳಿನ ತುದಿಯೇ ಇಲ್ಲದ, ಉಳಿದ ಮೊಂಡು ತುದಿಗೆ ಬಟ್ಟೆ ತಗುಲಿದರೂ ಜುಮ್ಮೆನ್ನುವ ಕೈಗೆ ಇದಕ್ಕಿಂತ ಕಷ್ಟದ ಕೆಲಸ ಇಡೀ ಶೆಡ್ಡಿನಲ್ಲಿ ಇರಲಾರದು. ಆದ್ದರಿಂದ ಚೀಟಿಯಲ್ಲಿ ಇರಬೇಕಾದದ್ದು ಯಾವ ಹಿಡಿತ, ಎಷ್ಟು ಭಾರ, ಗಂಟೆಗೆ ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಬಿಡುವು ಎಂಬ ವಿವರ. ನಾನು ಮೇಜಿನ ಬಳಿ ಗಡಿಯಾರ ಹಿಡಿದು ನಿಂತು ಎಣಿಸಿದ ಮೇಲೆಯೇ ಅದನ್ನು ಬರೆದೆ. ವೈದ್ಯರು ಸಹಿ ಹಾಕಿದರು, ಸೂಪರ್‌ವೈಸರಿಗೆ ತಮಿಳಿನಲ್ಲಿ ಒಂದು ಪ್ರತಿ, ಕಾರ್ಮಿಕರಿಗೆ ಕನ್ನಡದಲ್ಲಿ ಒಂದು.

ಮೂರನೆಯ ವಾರದಲ್ಲಿ ತುರ್ತು ಆರ್ಡರ್ ಬಂತು. ಸೂಪರ್‌ವೈಸರ್ ಒಂದು ದಿನ ಪೂರ್ತಿ ಅವರನ್ನು ಅರಗಳಿಂದ ಅಂಚು ಉಜ್ಜುವ ಕೆಲಸಕ್ಕೆ ಕೂರಿಸಿದರು. ಆ ಸಂಜೆ ನೋವು ಹೆಚ್ಚೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬೆರಳು ದಪ್ಪಗಾಗಿ ಅಂಗೈಯಿಂದ ಮೂರು ಸೆಂಟಿಮೀಟರ್ ದೂರದಲ್ಲೇ ನಿಂತಿತು. “ನೋವಿಲ್ಲ ಅಂತ ಮಾಡ್ದೆ ಮೇಡಂ, ಬೆಳಿಗ್ಗೆ ನೋಡಿದ್ರೆ ಲೋಟ ಹಿಡಿಯಕ್ಕೆ ಆಗ್ತಿಲ್ಲ” ಎಂದರು. ಗಮನಿಸಬೇಕಾದದ್ದು ಇದನ್ನೇ: ಕೆಲಸ ಮಾಡುವಾಗಿನ ನೋವು ಅಷ್ಟು ನಂಬಲರ್ಹವಲ್ಲ, ರಾತ್ರಿ ಕಳೆದರೂ ಇಳಿಯದ ಊತವೂ ಬಿಗಿತವೂ ಹಿಂದಿನ ದಿನ ಅತಿಯಾಯಿತು ಎಂಬುದಕ್ಕೆ ಸಾಕ್ಷಿ. ಹಾಗಾದಾಗ ಮತ್ತೆ ರಜೆಗೆ ಕಳಿಸಬೇಕಾಗಿಲ್ಲ. ಹಿಂದಿನ ಮೆಟ್ಟಿಲಿಗೆ ಇಳಿದು ಒಂದು ವಾರ ನಿಲ್ಲಬೇಕು. ಅವರು ಎರಡು ಗಂಟೆಗೆ ಇಳಿದರು, ಅಂತರ ಮತ್ತೆ ಮೊದಲಿನಷ್ಟಾಯಿತು, ಯೋಜನೆ ಒಂದು ವಾರ ಹಿಂದೆ ಬಿತ್ತು. ಬೆರಳು ಒಮ್ಮೆಲೇ ಮಡಿಸಲು ಬಾರದೆ ಸೋತುಬಿಟ್ಟರೆ ಮಾತ್ರ ಮಾತು ಬೇರೆ; ರಜ್ಜು ಹರಿದಿರಬಹುದಾದ್ದರಿಂದ ಅಂದೇ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು.

ಹಂತದ ಕೆಲಸ ಎಂದಾದರೂ ಮುಗಿಯುತ್ತದೆ. ಹೋದ ಗೆಣ್ಣು ಬರುವುದಿಲ್ಲ. ಅದಕ್ಕಾಗಿ ಯಂತ್ರದಲ್ಲೂ ಜಾಗದಲ್ಲೂ ಶಾಶ್ವತವಾಗಿ ಮಾಡುವ ಹೊಂದಾಣಿಕೆ ಬೇಕು, ಮತ್ತು ಒಳ್ಳೆಯ ಮನಸ್ಸಿನಿಂದ ಮಾಡಿದ ಹೊಂದಾಣಿಕೆಯೂ ಅಪಾಯ ತರಬಲ್ಲದು. ಕೈಗೆ ಶ್ರಮ ಬೇಡವೆಂದು ಪ್ರೆಸ್ಸಿಗೆ ಫುಟ್ ಪೆಡಲ್ ಹಾಕಿಸೋಣ ಎಂದು ನಿರ್ವಹಣಾ ವಿಭಾಗದವರು ಮುಂದೆ ಬಂದರು. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಏಕಕಾಲದಲ್ಲಿ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಮಾಡಿರುವುದು ಆ ಕ್ಷಣದಲ್ಲಿ ಕೈಗಳು ಡೈ ಹತ್ತಿರ ಇರಬಾರದೆಂದು. ಪೆಡಲ್ ಬಂದರೆ ಎರಡೂ ಕೈ ಬಿಡುವಾಗಿ ಡೈ ಬಾಯಿಗೇ ಹೋಗುತ್ತವೆ. ಅದನ್ನು ಬೇಡವೆಂದು, ಬಲಗಡೆಯ ಗುಂಡಿಯನ್ನು ಮಾತ್ರ ಬೆರಳಿನ ಬದಲು ಅಂಗೈಯಿಂದ ಒತ್ತುವಂಥ ಅಗಲದ ಗುಂಡಿಗೆ ಬದಲಿಸಿದೆವು. ಗ್ಲೌಸಿನದೂ ಅಂಥದೇ ಕತೆ. ಸ್ಪರ್ಶ ಮಂದವಾದ ಬೆರಳಿಗೆ ಚೂಪು ಅಂಚು ತಿಳಿಯುವುದಿಲ್ಲ, ಆದ್ದರಿಂದ ಗ್ಲೌಸ್ ಬೇಕು. ಆದರೆ ಮೊಂಡು ಬೆರಳಿನ ಮುಂದೆ ಜೋಲಾಡುವ ಖಾಲಿ ತುದಿ ಎಲ್ಲಿಯಾದರೂ ಸಿಕ್ಕಿಕೊಳ್ಳುತ್ತದೆ. ಆ ಬೆರಳನ್ನು ಗಿಡ್ಡ ಮಾಡಿ ಹೊಲಿಸಿದೆವು, ಡ್ರಿಲ್ ಮುಂತಾಗಿ ತಿರುಗುವ ಯಂತ್ರಗಳ ಹತ್ತಿರ ಗ್ಲೌಸ್ ಹಾಕಿಕೊಂಡು ಹೋಗುವುದನ್ನೇ ನಿಷೇಧಿಸಿದೆವು. ಇನ್ನೊಂದು ಸಣ್ಣ ವಿಷಯ ಯಾರಿಗೂ ಹೊಳೆದಿರಲಿಲ್ಲ: ಹಾಜರಿ ಯಂತ್ರದಲ್ಲಿ ದಾಖಲಾಗಿದ್ದದ್ದು ಅದೇ ಬಲ ತೋರುಬೆರಳು. ಎಡಗೈ ಬೆರಳನ್ನು ಹೊಸದಾಗಿ ದಾಖಲಿಸುವವರೆಗೆ ಅವರು ಕೆಲಸಕ್ಕೆ ಬಂದ ದಿನಗಳೂ ಗೈರುಹಾಜರಿಯಾಗಿ ಬೀಳುತ್ತಿದ್ದವು.

ಕಾನೂನಿನ ಮಾತನ್ನು ಊರಿನವರು ಕೇಳುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಇಂಥ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎನ್ನುತ್ತದೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಿರುವುದು ಅದರ ಮಿತಿ. ಮೀಸಲಾತಿಗೆ ಶೇ. 40ರ ಅಂಗವೈಕಲ್ಯ ಬೇಕಾದರೂ ಹೊಂದಾಣಿಕೆಯ ಹಕ್ಕಿಗೆ ಕಾಯ್ದೆ ಆ ಅಂಕಿಯನ್ನು ಇಟ್ಟಿಲ್ಲ. ಆದರೆ ಸೇವೆಯಲ್ಲಿರುವಾಗ ಅಂಗವಿಕಲನಾದವನನ್ನು ತೆಗೆಯಬಾರದು, ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು ಎಂಬ ಬಲವಾದ ಕಲಮು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರಿಂದ ಕೇಳಬಹುದಾದದ್ದು ಸಮಾನ ಅವಕಾಶ ನೀತಿ. 20 ಅಥವಾ ಹೆಚ್ಚು ನೌಕರರಿರುವ ಕಡೆ ಅದರಲ್ಲಿ ಸಲಕರಣೆ, ಸೌಲಭ್ಯಗಳ ವಿವರವೂ ಇದನ್ನು ನೋಡಿಕೊಳ್ಳುವ ಅಧಿಕಾರಿಯೂ ಇರಬೇಕು. ಆ ನೀತಿಯ ಪ್ರತಿ ಕೇಳಿದರೆ ಅನೇಕ ಕಡೆ ಮಾತು ತಾನಾಗಿ ಮೃದುವಾಗುತ್ತದೆ.

ಅವರ ಮನೆಯಲ್ಲಿ ಇನ್ನೊಂದು ಭಯ ಇತ್ತು: ಕೆಲಸಕ್ಕೆ ಹೋದರೆ ಇ.ಎಸ್.ಐ. ಪರಿಹಾರ ತಪ್ಪಿಹೋಗುತ್ತದೆಂದು ಅತ್ತೆಯವರು ಹೇಳುತ್ತಿದ್ದರಂತೆ. ಅದು ಹಾಗಲ್ಲ. ತೋರುಬೆರಳಿನ ಒಂದು ಗೆಣ್ಣಿಗೆ ಶಾಶ್ವತ ಅಂಗವೈಕಲ್ಯದ ಪಟ್ಟಿಯಲ್ಲಿ ಶೇ. 9ರ ಗಳಿಕೆ ನಷ್ಟ ಎಂದಿದೆ. 540 ರೂಪಾಯಿಯ ದರಕ್ಕೆ ಅದು ದಿನಕ್ಕೆ 48 ರೂಪಾಯಿ ಚಿಲ್ಲರೆ. ನಡುಬೆರಳಿನ ಬಿಗಿತವನ್ನು ವೈದ್ಯಕೀಯ ಮಂಡಳಿ ಬೇರೆಯಾಗಿ ನೋಡುತ್ತದೆ. ಈ ಶಾಶ್ವತ ಸೌಲಭ್ಯ ಪೂರ್ತಿ ಸಂಬಳದ ಕೆಲಸದಲ್ಲಿದ್ದರೂ ಬರುತ್ತದೆ.

ಆ ಕಾರ್ಮಿಕರು ಕಾಯಂ ನೌಕರರಾದ್ದರಿಂದ ಇಷ್ಟೆಲ್ಲ ಸಾಧ್ಯವಾಯಿತು. ಈಗ ಅಂಗೈ ಗುಂಡಿಯ ಪ್ರೆಸ್ಸನ್ನೇ ನಡೆಸುತ್ತಿದ್ದಾರೆ. ಪಕ್ಕದ ಲೈನಿನಲ್ಲಿ ಅದೇ ಕೆಲಸ ಮಾಡುವ ಗುತ್ತಿಗೆ ಕಾರ್ಮಿಕನಿಗೆ ಇ.ಎಸ್.ಐ. ಇದ್ದರೂ, ಮೂರು ತಿಂಗಳ ಬಳಿಕ ಮರಳಿ ಬಂದಾಗ ಗುತ್ತಿಗೆದಾರನೇ ಬದಲಾಗಿರುತ್ತಾನೆ, ಯೋಜನೆಯ ಕಾಗದವನ್ನು ಕೊಡಲು ಯಾರೂ ಇರುವುದಿಲ್ಲ. ಅಂಥವರ ಯೋಜನೆಗೆ ಗುತ್ತಿಗೆದಾರನ ಜೊತೆ ಕಾರ್ಖಾನೆಯ ಸಹಿಯನ್ನೂ ಈಗ ಮೊದಲ ತಿಂಗಳಲ್ಲೇ ಕೇಳುತ್ತೇನೆ. ಕೆಲವರು ಹಾಕುತ್ತಾರೆ, ಹೆಚ್ಚಿನವರು ಗುತ್ತಿಗೆದಾರನನ್ನೇ ಕೇಳಿ ಎನ್ನುತ್ತಾರೆ.