ಅಜ್ಜಿ ‘ಬಾರೋ’ ಅಂದಿದ್ದು ಯಾರಿಗೆ?

ಆಗಸ್ಟ್ ಮಳೆ. ಮಡಿಕೇರಿಯಲ್ಲಿ ಕರೆಂಟ್ ಹೋಗಿ ಮೂರು ಗಂಟೆಯಾಗಿತ್ತು, ಯುಪಿಎಸ್ ಬೇರೆ ಕುಂಯ್‌ಗುಡುತ್ತಿತ್ತು. ಹನ್ನೊಂದಕ್ಕೆ ಫೈಲ್ ಲಾಕ್, ಆಮೇಲೆ ತಿದ್ದುವ ಹಾಗಿಲ್ಲ. ಹತ್ತೂಕಾಲಿಗೆ ಕೊಲಂಬಿಯಾದ ರಿವ್ಯೂವರ್ ಮೆಸೇಜ್: ‘ಈ ಹುಡುಗ ಯಾರು? ಚಿತ್ರದಲ್ಲಿ ಎರಡು ಜಡೆ ಹಾಕಿದ ಹುಡುಗಿ ಇದಾಳೆ.’

ನನಗೆ ಬೆವರು ಬಂತು. ಅದು ಕನ್ನಡ ಕಿರುಚಿತ್ರವೊಂದಕ್ಕೆ ನಾನು ಬರೆದ ಸ್ಪ್ಯಾನಿಷ್ ಸಬ್‌ಟೈಟಲ್, ಅಜ್ಜಿ ಮಗುವನ್ನು ಮಲಗಿಸುವ ದೃಶ್ಯ. ವಿಡಿಯೊ ಕೊಡುವುದಿಲ್ಲ, ಲೀಕ್ ಆಗುತ್ತದೆ ಅಂತ ಮ್ಯಾನೇಜರ್ ಬರೀ ಎಕ್ಸೆಲ್ ಶೀಟ್ ಕಳಿಸಿದ್ದರು. ಮೊದಲ ಸಾಲು ಹೀಗಿತ್ತು: ‘ಬಾರೋ ಪುಟ್ಟ, ಮಲ್ಕೋ ನನ್ನಪ್ಪ. ಸುಸ್ತಾಯ್ತಾ ಕಂದ?’

‘ಬಾರೋ’ ನೋಡಿದ ತಕ್ಷಣ ಹುಡುಗ ಅಂತ ತೀರ್ಮಾನ ಮಾಡಿಬಿಟ್ಟೆ. ‘ನನ್ನಪ್ಪ’ಕ್ಕೆ ‘ಪಾಪೀತೊ’ ಹಾಕಿದೆ. ಲ್ಯಾಟಿನ್ ಅಮೆರಿಕದ ಎಷ್ಟೋ ಕಡೆ ಪುಟ್ಟ ಹುಡುಗನನ್ನು ದೊಡ್ಡವರು ಹಾಗೇ ಕರೆಯುತ್ತಾರೆ, ‘ಪುಟ್ಟಪ್ಪ’ ಅಂದ ಹಾಗೆ. ಎಂಥ ಜೋಡಿ ಸಿಕ್ಕಿತು ಅಂತ ಬೀಗಿದ್ದೆ. ಮಿಕ್ಕಿದ್ದೂ ಅದೇ ದಾರಿ ಹಿಡಿಯಿತು: ‘ನನ್ನ ಹುಡುಗ’ ಅನ್ನುವ ‘ಮಿ ನಿನ್ಯೊ’, ಸುಸ್ತಿಗೆ ‘ಕನ್ಸಾದೊ’, ರಾಜನಿಗೆ ‘ಮಿ ರೇಯ್’.

ಕನ್ನಡದ ಕ್ರಿಯಾಪದ ಇಲ್ಲಿ ಸುಳಿವೇ ಕೊಡುವುದಿಲ್ಲ. ‘ಬಂದೆ’, ‘ಮಲಗಿದೆಯಾ’ ಅಂದರೆ ಹುಡುಗನೋ ಹುಡುಗಿಯೋ ಗೊತ್ತಾಗದು. ಅಜ್ಜಿ ಮಗುವಿನ ಅಮ್ಮನಿಗೆ ಹೇಳುವ ಸಾಲಾದರೂ ಇತ್ತಲ್ಲ ಅಂತ ಹುಡುಕಿದೆ. ‘ಕೂಸು ಮಲಗ್ತು ನೋಡು.’ ಕೂಸು ನಮ್ಮಲ್ಲಿ ಅದು, ಅವನೂ ಅಲ್ಲ ಅವಳೂ ಅಲ್ಲ. ಸ್ಪ್ಯಾನಿಷ್‌ನಲ್ಲಿ ಸುಸ್ತಾಗುವುದಕ್ಕೂ ಗಂಡು ಹೆಣ್ಣು ಹೇಳಬೇಕು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ನನ್ನ ಅಮ್ಮನ ದನಿ: ‘ಬಾರೋ ನನ್ನಪ್ಪ, ಆಟ ಸಾಕು.’ ಕರೆದದ್ದು ನನ್ನ ಆರು ವರ್ಷದ ಮಗಳನ್ನು. ದಿನಾ ಕೇಳುವ ಮಾತು! ಅನುಮಾನ ಕೇಳುವ ಕ್ವೆರಿ ಶೀಟ್‌ನಲ್ಲಿ ‘ಮಗು ಗಂಡಾ ಹೆಣ್ಣಾ’ ಅಂತ ಒಂದು ಸಾಲು ಹಾಕಿದ್ದರೆ ಮುಗಿದಿತ್ತು. ಕನ್ನಡ ನನಗೇನು ಹೊಸದಾ ಅನ್ನೋ ಜಂಬ.

ಗಾಬರಿಯಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಕರೆಯುವ ಪದಗಳ ಕೊನೆಯ ‘ಒ’ ಎಲ್ಲವನ್ನೂ ‘ಆ’ ಮಾಡುತ್ತಾ ಹೋದೆ. ನಿನ್ಯೊ ನಿನ್ಯಾ ಆಯಿತು, ಕನ್ಸಾದೊ ಕನ್ಸಾದಾ ಆಯಿತು, ಸರಿ. ಬಂಗಾರಕ್ಕೆ ಹಾಕಿದ್ದ ‘ತೆಸೋರೊ’ ‘ತೆಸೋರಾ’ ಆಯಿತು, ‘ಮಿ ಸಿಯೆಲೊ’ ‘ಮಿ ಸಿಯೆಲಾ’ ಆಯಿತು. ರಿವ್ಯೂವರ್ ನಗುವ ಎಮೋಜಿ ಸಾಲಾಗಿ ಕಳಿಸಿದಳು. ತೆಸೋರೊ ಅಂದರೆ ನಿಧಿ, ಸಿಯೆಲೊ ಅಂದರೆ ಆಕಾಶ. ಕರೆಯುವುದು ಹುಡುಗಿಯನ್ನೇ ಆದರೂ ನಿಧಿ ನಿಧಿಯೇ, ಪದ ಬದಲಾಗುವುದಿಲ್ಲ. ‘ನನ್ನ ಜೀವ’ ಅನ್ನುವ ‘ಮಿ ವಿದಾ’ನೂ ಹಾಗೇ, ಹುಡುಗನಿಗೂ ನಡೆಯುತ್ತದೆ. ಮೊದಲೇ ಇಂಥವನ್ನೇ ಜಾಸ್ತಿ ಹಾಕಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ಪಾಪೀತೊ ಮಾತ್ರ ಕಾಡಿತು. ಹುಡುಗಿಗೆ ಹಾಗೇ ಬಿಟ್ಟರೆ ನೋಡುವವರು ಸಬ್‌ಟೈಟಲ್ ತಪ್ಪು ಅಂದುಕೊಳ್ಳುತ್ತಾರೆ. ‘ಮಾಮೀತಾ’ ಮಾಡಿದೆ. ಮೊಮ್ಮಗಳನ್ನು ಅಮ್ಮ ಅನ್ನುವ ಪ್ರೀತಿ ಉಳಿಯಿತು. ಹುಡುಗಿಯನ್ನು ಅಪ್ಪ ಅನ್ನುವ ತಮಾಷೆ ಹೋಯಿತು. ಅದಕ್ಕೆ ನನ್ನ ಹತ್ತಿರ ಈಗಲೂ ಪದ ಇಲ್ಲ.

ಹತ್ತು ಐವತ್ತೆಂಟಕ್ಕೆ ಅಪ್‌ಲೋಡ್ ಆಯಿತು. ವಿಡಿಯೊ ಲಿಂಕ್ ಮರುದಿನ ಬೆಳಿಗ್ಗೆ ಬಂತು, ‘ನಿಮ್ಮ ಮಾಹಿತಿಗಾಗಿ’ ಅಂತ.