ಮಂಡ್ಯದ ಛತ್ರಕ್ಕೆ ಐಸ್ ಟ್ಯಾಂಕ್: ಸೈಜಿಂಗ್ ಹಂತ

ಮಂಡ್ಯದ ಕಲ್ಯಾಣ ಮಂಟಪದ ಎಸಿ ಕೆಲಸ ಈಗ ಸೈಜಿಂಗ್‌ವರೆಗೆ ಬಂದಿದೆ. ಲಗ್ನದ ದಿನ ಮಧ್ಯಾಹ್ನದ ಲೋಡ್ 100 ಟನ್. ಈ ಟನ್ ತೂಕವಲ್ಲ, ತಂಪು ಮಾಡುವ ತಾಕತ್ತಿನ ಅಳತೆ. ತಂಪು ಮಾಡುವ ಮಷೀನು, ಅಂದರೆ ಏರ್‌ಕೂಲ್ಡ್ ಚಿಲ್ಲರ್, ಟನ್ನಿಗೆ ಸುಮಾರು 1.2 ಕಿಲೋವ್ಯಾಟ್ ಎಳೆಯುತ್ತದೆ ಅಂದುಕೊಂಡರೆ 120 ಕಿಲೋವ್ಯಾಟ್. ಎಚ್‌ಟಿ, ಅಂದರೆ ಹೈ ಟೆನ್ಷನ್ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗಷ್ಟೇ ಅಲ್ಲ, ತಿಂಗಳ ಗರಿಷ್ಠ ಕೆವಿಎಗೂ ದುಡ್ಡು. ಒಂದು ಮಧ್ಯಾಹ್ನ ಮೀಟರ್ ಮೇಲೇರಿದರೂ ತಿಂಗಳ ಬಿಲ್ಲು ಅದನ್ನೇ ಹಿಡಿಯುತ್ತದೆ. ಅದಕ್ಕೇ ರಾತ್ರಿ ಐಸ್ ಕಟ್ಟಿ, ಹಗಲು ಚಿಲ್ಲರ್ ಜೊತೆಗೆ ಅದನ್ನೂ ಕರಗಿಸುವ ಯೋಚನೆ.

ಲೆಕ್ಕಕ್ಕೆ ಅತಿ ಕೆಟ್ಟ ದಿನವನ್ನೇ ಹಿಡಿಯಬೇಕು. ಇಲ್ಲಿ ಅದು ಬೆಳಿಗ್ಗೆ ಒಂದು ಮನೆಯವರ ಮುಹೂರ್ತ, ಊಟ ಮುಗಿದು ಅವರು ಖಾಲಿ ಮಾಡುವಷ್ಟರಲ್ಲಿ ಇನ್ನೊಂದು ಮನೆಯವರು ಸಂಜೆ ರಿಸೆಪ್ಷನ್ನಿಗೆ ಬಂದಿಳಿಯುವ ದಿನ. ಬೆಳಿಗ್ಗೆ 9ರವರೆಗೆ ಫ್ಯಾನ್ ಸಾಕು. ಅಲ್ಲಿಂದ ರಾತ್ರಿ 9ರವರೆಗೆ ಗಂಟೆಗಂಟೆಯ ಲೋಡ್ ಹೀಗೆ ಬಂತು, ಟನ್ನಿನಲ್ಲಿ:

50, 70, 90, 100, 100, 80, 50, 50, 70, 90, 90, 60

ಒಟ್ಟು 900 ಟನ್-ಅವರ್. ಒಂದು ಟನ್ ತಂಪು ಒಂದು ಗಂಟೆ ಕೊಟ್ಟರೆ ಒಂದು ಟನ್-ಅವರ್. ಐಸ್ ಕಟ್ಟುವಾಗ ಪೈಪಿನಲ್ಲಿ ತಂಪು ಹೊತ್ತು ಓಡುವ, ಹೆಪ್ಪುಗಟ್ಟದ ದ್ರವವಾದ ಗ್ಲೈಕಾಲನ್ನು ಮೈನಸ್ 5 ಡಿಗ್ರಿಯ ಆಸುಪಾಸಿಗೆ ಇಳಿಸಬೇಕಾದ್ದರಿಂದ ಚಿಲ್ಲರಿನ ತಾಕತ್ತು ಮೂರನೇ ಒಂದು ಪಾಲಿನಷ್ಟು ಬಿದ್ದುಹೋಗುತ್ತದೆ. ನಾನು 0.67 ಹಿಡಿದಿದ್ದೇನೆ, ಕೊನೆಗೆ ಆಯ್ಕೆಯಾಗುವ ಮಷೀನಿನ ಡೇಟಾ ಶೀಟಿನ ಅಂಕಿಯನ್ನೇ ಹಾಕಬೇಕು. ಹಗಲು 12 ಗಂಟೆ ಪೂರ್ತಿ ತಾಕತ್ತು, ರಾತ್ರಿ 12 ಗಂಟೆ ಐಸ್ ಮೋಡ್ ಅಂದರೆ:

900 ÷ (12 + 12 × 0.67) = 45 ಟನ್

ಹಗಲೆಲ್ಲಾ ಐಸಿನ ಮೇಲೆಯೇ ನಡೆಸುತ್ತೇನೆ ಎಂದು ಹೊರಟರೆ ಇದೇ ಲೆಕ್ಕ 112 ಟನ್ ಕೇಳುತ್ತದೆ, ಐಸೇ ಇಲ್ಲದ ಚಿಲ್ಲರಿಗಿಂತ ದೊಡ್ಡದು. ಆ ದಾರಿ ಅಲ್ಲಿಗೇ ಬಿಟ್ಟೆ.

45 ಟನ್ನಿನ ಚಿಲ್ಲರ್ ರಾತ್ರಿಯೆಲ್ಲ ಓಡಿದರೆ ಸುಮಾರು 362 ಟನ್-ಅವರ್ ಐಸ್. ಒಂದು ಟನ್-ಅವರ್‌ಗೆ ಹೆಚ್ಚುಕಡಿಮೆ 38 ಕಿಲೋ, ಅಂದರೆ ತೂಕದಲ್ಲಿ 14 ಟನ್‌ಗೆ ಸ್ವಲ್ಪ ಕಡಿಮೆ. ಟೆರೇಸ್ ಮೇಲೆ ಇಡುವ ಮಾತೇ ಇಲ್ಲ, ಅಡುಗೆಮನೆಯ ಹಿಂದಿನ ಜಾಗವೇ ಗತಿ. ಹಗಲು ಐಸಿನಿಂದ ಬೇಕಾದದ್ದು 360. ಕಾಗದದ ಮೇಲೆ ಸರಿಯಾಗಿ ಕೂತಿತು.

ಗಂಟೆಗಂಟೆಗೆ ಕಳೆಯುತ್ತಾ ಹೋದಾಗ ಬೇರೆಯೇ ಚಿತ್ರ ಕಂಡಿತು. ಸಂಜೆ 6ಕ್ಕೆ 255 ಖರ್ಚಾಗಿ 107 ಮಾತ್ರ ಉಳಿದಿರುತ್ತದೆ. ಆಮೇಲೆ ಎರಡು ಗಂಟೆ 45 ಟನ್ನಿನಂತೆ ಬೇಕು. ಮೊತ್ತ ಸಾಲುತ್ತದೆ, ಆದರೆ ಅಷ್ಟು ವೇಗದಲ್ಲಿ ಐಸ್ ಕರಗಿಕೊಡಬೇಕಲ್ಲ. ನಾವು ನೋಡುತ್ತಿರುವ ಟ್ಯಾಂಕಿನಲ್ಲಿ ಬಿಸಿ ಗ್ಲೈಕಾಲ್ ಟ್ಯೂಬಿನ ಒಳಗೇ ಹರಿಯುತ್ತದೆ, ಐಸ್ ಟ್ಯೂಬಿನ ಸುತ್ತ ಇರುತ್ತದೆ. ಮೊದಲು ಕರಗುವುದು ಟ್ಯೂಬಿಗೆ ಅಂಟಿದ ಐಸ್. ಕರಗಿದಷ್ಟೂ ಟ್ಯೂಬಿಗೂ ಐಸಿಗೂ ನಡುವೆ ನೀರಿನ ಪದರ ದಪ್ಪವಾಗಿ, ಶಾಖ ದಾಟುವುದು ನಿಧಾನವಾಗುತ್ತದೆ. ಕೊನೆಯ ಕಾಲುಭಾಗದಲ್ಲಿ ಟ್ಯಾಂಕಿನಿಂದ ಹೊರಬರುವ ಗ್ಲೈಕಾಲ್ ಬೆಚ್ಚಗಾಗುತ್ತಾ ಬರುತ್ತದೆ. ಹಾಲಿನ ಗಾಳಿಯನ್ನು ತಂಪು ಮಾಡುವ ಕಾಯಿಲ್‌ಗೆ ನಮಗೆ 7 ಡಿಗ್ರಿ ಬೇಕು. ಟ್ಯಾಂಕಿನಲ್ಲಿ ಐಸ್ ಇದ್ದೂ ಅದು ಸಿಗದ ಹೊತ್ತು, ರಿಸೆಪ್ಷನ್ನಿನಲ್ಲಿ ಜನ ಸಾಲುಗಟ್ಟಿ ನಿಂತ ಹೊತ್ತೇ ಆಗಿರುತ್ತದೆ. ಮಧ್ಯಾಹ್ನ ಒಂದೇ ಶಿಖರವಿರುವ ಆಫೀಸ್ ಕಟ್ಟಡಕ್ಕೆ ಈ ತೊಂದರೆ ಇಷ್ಟು ಕಾಡುವುದಿಲ್ಲ.

ಛತ್ರದ ಯಜಮಾನರು "ಟ್ಯಾಂಕೇ ದೊಡ್ಡದು ಮಾಡ್ಬುಡಿ ಸಾರ್" ಅಂದರು. ಆದರೆ 45 ಟನ್ನಿನ ಚಿಲ್ಲರ್ ದೊಡ್ಡ ಟ್ಯಾಂಕನ್ನು ಒಂದು ರಾತ್ರಿಯಲ್ಲಿ ತುಂಬಲಾರದು, ಅದಕ್ಕೆ ಬಿಡುವಿನ ಗಂಟೆಯೇ ಇಲ್ಲ. ಟ್ಯಾಂಕನ್ನು 362ರಲ್ಲೇ ಬಿಟ್ಟು ಚಿಲ್ಲರನ್ನು 50 ಟನ್‌ಗೆ ಏರಿಸಿ ನೋಡಿದೆ. ಐಸಿನಿಂದ ಬೇಕಾದದ್ದು 300ಕ್ಕೆ ಇಳಿಯಿತು. ಮಧ್ಯಾಹ್ನ 3ರಿಂದ 5ರವರೆಗೆ ಐಸ್ ಮುಟ್ಟುವುದೇ ಬೇಡ. ಸಂಜೆ 6ಕ್ಕೆ 152 ಉಳಿಯುತ್ತದೆ, ಕಾರ್ಯಕ್ರಮ ಮುಗಿದಾಗಲೂ 62 ಮಿಕ್ಕಿರುತ್ತದೆ. ರಾತ್ರಿ ಐಸ್ ಕಟ್ಟಲು 9 ಗಂಟೆ ಸಾಕು, ರಿಸೆಪ್ಷನ್ ಎಲ್ಲ ಮುಗಿದು 10ಕ್ಕೆ ಶುರುಮಾಡಿದರೂ ಬೆಳಿಗ್ಗೆ 7ಕ್ಕೆ ಟ್ಯಾಂಕ್ ತುಂಬುತ್ತದೆ. ಚಿಲ್ಲರಿನ ಡಿಮ್ಯಾಂಡ್ 60 ಕಿಲೋವ್ಯಾಟ್, 45ರದ್ದಕ್ಕಿಂತ ಬರೀ 6 ಹೆಚ್ಚು. ಈ 6ನ್ನು ಉಳಿಸಲು ಹೋಗುವುದು ಜಿಪುಣತನ ಅಂತಲೇ ನನ್ನ ಅಭಿಪ್ರಾಯ. 120ರಿಂದ ಇಳಿದ 60ರಲ್ಲಿ ಗ್ಲೈಕಾಲ್ ಪಂಪ್ ಸ್ವಲ್ಪ ತಿನ್ನುತ್ತದೆ, ಅಷ್ಟೆ.

ಟ್ಯಾಂಕ್ ಸಪ್ಲೈಯರ್‌ಗಳಿಗೆ ಈಗ "ಎಷ್ಟು ಟನ್-ಅವರ್" ಎಂದು ಕೇಳುತ್ತಿಲ್ಲ. ಐಸ್ 152 ಉಳಿದಿರುವಾಗ ಶುರುಮಾಡಿ ಎರಡು ಗಂಟೆ 40 ಟನ್ನಿನಂತೆ ತೆಗೆದರೆ, ಕೊನೆಗೆ ಹೊರಬರುವ ಗ್ಲೈಕಾಲ್ ಎಷ್ಟು ಡಿಗ್ರಿ? ಇದಕ್ಕೆ ಕರ್ವ್ ಹಾಕಿ ಕೊಡಿ ಎಂದು ಬರೆದಿದ್ದೇನೆ. ಕಮಿಷನಿಂಗ್ ಆದಮೇಲೂ ನೋಡಬೇಕಾದದ್ದು ಇದೇ ಉಷ್ಣತೆ: ರಾತ್ರಿ 8ರೊಳಗೆ ಅದು 7 ದಾಟಿದರೆ, ಒಂದೋ ಟ್ಯಾಂಕ್ ಕೊಡುವ ವೇಗ ಸಾಲದು, ಇಲ್ಲವೇ ಹಿಂದಿನ ರಾತ್ರಿ ಪೂರ್ತಿ ಕಟ್ಟಿಲ್ಲ. ಎರಡರಲ್ಲಿ ಯಾವುದು ಎಂದು ಟ್ಯಾಂಕಿನ ನೀರಿನ ಮಟ್ಟ ಹೇಳುತ್ತದೆ. ನೀರು ಐಸಾದಾಗ ಸುಮಾರು 9 ಪರ್ಸೆಂಟ್ ಹಿಗ್ಗುವುದರಿಂದ, ಬೆಳಿಗ್ಗೆ 7ಕ್ಕೆ ಮಟ್ಟ ಪೂರ್ತಿ ಗುರುತಿಗೆ ಏರಿರದಿದ್ದರೆ ಕೊರತೆ ರಾತ್ರಿಯದು.